ಸೋಲಾರ್, ವಿಂಡ್, ಮಿನಿ ಹೈಡೆಲ್: ಒಂದು ಕೋಟಿ ಯೂನಿಟ್‌ನ ಲೆಕ್ಕ

ನಂದು ಫೋರ್‌ಕಾಸ್ಟಿಂಗ್ ಕೆಲ್ಸ. ನಾಳೆ ಈ ಪ್ಲಾಂಟಿಂದ ಯಾವ ಹೊತ್ತಲ್ಲಿ ಎಷ್ಟು ಕರೆಂಟ್ ಬರುತ್ತೆ ಅಂತ 15 ನಿಮಿಷಕ್ಕೊಂದು ಬ್ಲಾಕ್, ದಿನಕ್ಕೆ 96 ಬ್ಲಾಕ್ ಲೆಕ್ಕದಲ್ಲಿ ಅಂದಾಜು ಮಾಡಿ ಗ್ರಿಡ್ ನಡೆಸೋ ಲೋಡ್ ಡಿಸ್ಪ್ಯಾಚ್ ಸೆಂಟರ್‌ಗೆ ಕಳ್ಸೋದು. ಹಂಗಾಗಿ ಫ್ಯಾಕ್ಟರಿಯವ್ರು ಯಾರಾದ್ರೂ "ಸರ್, ವರ್ಷಕ್ಕೆ ಒಂದು ಕೋಟಿ ಯೂನಿಟ್ ಬೇಕು, ಮೂರರಲ್ಲಿ ಯಾವ್ದು ಒಳ್ಳೇದು" ಅಂತ ಕೇಳ್ತಾನೇ ಇರ್ತಾರೆ.

ಜಾಗದ ಲೆಕ್ಕ ಮೊದ್ಲು. ಪಾವಗಡದ ಸೋಲಾರ್ ಪಾರ್ಕ್ 2050 ಮೆಗಾವ್ಯಾಟ್, ಸುಮಾರು 13,000 ಎಕರೆ, ಅಂದ್ರೆ ಮೆಗಾವ್ಯಾಟಿಗೆ ಆರು ಎಕರೆ ಚಿಲ್ರೆ. ಪ್ಲಾಂಟ್ ವರ್ಷಪೂರ್ತಿ ಫುಲ್ ಓಡಿದ್ರೆ ಬರೋ ಕರೆಂಟಲ್ಲಿ ನಿಜಕ್ಕೂ ಬರೋ ಪಾಲಿಗೆ ಸಿಯುಎಫ್ ಅಂತೀವಿ, ನಮ್ ಕಡೆ ಬಿಸಿಲಿಗೆ ಅದು 21% ಅಂತ ಹಿಡಿದ್ರೆ ಒಂದು ಕೋಟಿ ಯೂನಿಟ್‌ಗೆ ಐದೂವರೆ ಮೆಗಾವ್ಯಾಟ್ ಬೇಕು, ಹತ್ರ ಹತ್ರ 34 ಎಕರೆ, ಅಷ್ಟಕ್ಕೂ ಬೇಲಿ. ವಿಂಡ್‌ಗೆ 28% ಹಿಡಿದ್ರೆ 2 ಮೆಗಾವ್ಯಾಟಿನ ಎರಡು ಮಿಷಿನ್ ಹೆಚ್ಚುಕಮ್ಮಿ ಸಾಕು. ಎರಡಕ್ಕೂ ಮಧ್ಯ ತುಂಬಾ ಅಂತರ ಬಿಡ್ಬೇಕು, ಆದ್ರೆ ಫೌಂಡೇಶನ್ನು, ಕ್ರೇನ್ ನಿಲ್ಲೋ ಜಾಗ, ರೋಡು ಬಿಟ್ರೆ ಉಳಿದಿದ್ರಲ್ಲಿ ಜೋಳ ಶೇಂಗಾ ಬೆಳೀತಾನೇ ಇರ್ತಾರೆ. ಅದೇ ಗುಡ್ಡದ ನೆತ್ತಿ ಮೇಲಾದ್ರೆ ಕಥೆ ಬೇರೆ, ಬ್ಲೇಡ್ ಸಾಗಿಸೋಕೆ ಗುಡ್ಡ ಕಡಿದು ರೋಡ್ ಮಾಡ್ಬೇಕು, ಮಿಷಿನ್‌ಗಿಂತ ಜಾಸ್ತಿ ಹಾಳು ಮಾಡೋದು ಆ ರೋಡೇ.

ಮಿನಿ ಹೈಡೆಲ್ ಎಕರೆ ಲೆಕ್ಕದಲ್ಲಿ ಗೆದ್ದಂಗೆ ಕಾಣುತ್ತೆ. ಮೂರು ಮೆಗಾವ್ಯಾಟ್ ಚಿಲ್ರೆ ಸಾಕು, ಪವರ್ ಹೌಸ್‌ಗೆ ಸ್ವಲ್ಪ ಜಾಗ, ಅಷ್ಟೆ. ಆದ್ರೆ ಒಡ್ಡು ಹಾಕಿ ನೀರನ್ನ ಕಾಲುವೆ, ಪೈಪಲ್ಲಿ ತಿರುಗಿಸಿ ಕೆಳಗಡೆ ಪವರ್ ಹೌಸ್ ಹತ್ರ ವಾಪಸ್ ಬಿಡ್ತಾರಲ್ಲ, ಆ ಎರಡರ ಮಧ್ಯದ ಹೊಳೆ ಡಿಸೆಂಬರ್ ಆದ್ಮೇಲೆ ಬರೀ ಬಂಡೆ. ಅದು ಯಾವ ಎಕರೇಲೂ ಬರಲ್ಲ. ಘಟ್ಟದ ಹೊಳೆ ಅಂದ್ರೆ ಒಂದರ ಕೆಳಗೊಂದು ಪ್ರಾಜೆಕ್ಟ್ ಬೇರೆ. ನಮ್ ದೇಶದಲ್ಲಿ 25 ಮೆಗಾವ್ಯಾಟ್ ತನಕ 'ಸಣ್ಣದು' ಅನ್ನೋ ಹಣೆಪಟ್ಟಿ ಇರೋದ್ರಿಂದ ದೊಡ್ಡ ಡ್ಯಾಮಿಗೆ ಆಗೋ ಅಷ್ಟು ವಿಚಾರಣೆನೂ ಆಗಲ್ಲ, ನಂಗಿದು ಸರಿ ಕಾಣ್ಸಲ್ಲ.

ಈಗ ನನ್ ಟೇಬಲ್ ಮೇಲಿನ ವಿಷ್ಯ, ಏರಿಳಿತ. ದಿನದೊಳಗೆ ನೋಡಿದ್ರೆ ಮಿನಿ ಹೈಡೆಲ್ ದೇವ್ರಂಥದ್ದು, ಹೊಳೆ ಹರೀತಿದ್ರೆ 96 ಬ್ಲಾಕೂ ಹೆಚ್ಚುಕಮ್ಮಿ ಒಂದೇ ಗೆರೆ. ಸೋಲಾರ್ ರಾತ್ರಿ ಸೊನ್ನೆ ಅನ್ನೋದು ಎಲ್ರಿಗೂ ಗೊತ್ತಿರೋದೇ, ಅದು ತೊಂದ್ರೆ ಅಲ್ಲ, ಮೋಡ ತೇಲೋ ಮಧ್ಯಾಹ್ನಗಳು ತೊಂದ್ರೆ. ವಿಂಡಲ್ಲಿ ಗಾಳಿ ಬರುತ್ತೆ ಅನ್ನೋದು ಗೊತ್ತಿರುತ್ತೆ, ಆದ್ರೆ ಒಂದು ಗಂಟೆ ಲೇಟಾಗಿ ಬಂದ್ರೂ ಸಾಕು, ಗಾಳಿ ವೇಗದ ಘನಕ್ಕೆ ತಕ್ಕಂಗೆ ಪವರ್ ಏರೋದ್ರಿಂದ ನಾಲ್ಕು ಬ್ಲಾಕ್ ಪೂರ್ತಿ ತಪ್ಪಿ ಹೋಗುತ್ತೆ.

ಆದ್ರೆ ತಿಂಗಳ ಲೆಕ್ಕಕ್ಕೆ ಬಂದ್ರೆ ಎಲ್ಲಾ ಉಲ್ಟಾ. ವಿಂಡು, ಹೊಳೆ ಎರಡೂ ಮುಂಗಾರಿನ ಮಕ್ಕಳು, ಜೂನಿಂದ ಸೆಪ್ಟೆಂಬರ್ ಒಟ್ಟಿಗೆ ತುಂಬಿ ಬರ್ತವೆ, ಫೆಬ್ರವರಿ ಮಾರ್ಚಲ್ಲಿ ಒಟ್ಟಿಗೆ ಸೊರಗ್ತವೆ, ಪಂಪ್‌ಸೆಟ್ಟು ಫ್ಯಾನು ಎಲ್ಲಾ ಓಡೋದು ಆಗ್ಲೇ. ಅವೆರಡನ್ನ ಸೇರಿಸಿ 'ಒಂದಕ್ಕೊಂದು ಆಸರೆ' ಅಂತ ಪ್ರೆಸೆಂಟೇಶನ್ ಮಾಡೋರಿಗೆ ತಿಂಗಳವಾರು ಗ್ರಾಫ್ ತೋರ್ಸಿ ಅಂತೀನಿ. ಆಸರೆ ಆಗೋದು ಸೋಲಾರ್ ಜೊತೆ ವಿಂಡ್, ಯಾಕಂದ್ರೆ ಮುಂಗಾರಲ್ಲಿ ಮೋಡ ಕವಿದು ಬಿಸಿಲು ಕಮ್ಮಿ ಆದಾಗ್ಲೇ ಗಾಳಿ ಜೋರು. ಇನ್ನು ಮಳೆ ಕೈಕೊಟ್ಟ ವರ್ಷ? 2023ರ ಆಗಸ್ಟ್‌ನಲ್ಲಿ ಹೊಳೇಲಿ ನೀರಿಲ್ಲ, ಮಳೆ ಇಲ್ದೆ ರೈತರ ಪಂಪ್ ಮಾತ್ರ ಓಡ್ತಾನೇ ಇದೆ. ಅಕ್ಟೋಬರ್‌ನಲ್ಲಿ ಸರ್ಕಾರ ವಿದ್ಯುತ್ ಕಾಯ್ದೆಯ ಸೆಕ್ಷನ್ 11 ಹಾಕಿ ರಾಜ್ಯದ ಉತ್ಪಾದಕರೆಲ್ಲ ಇಲ್ಲಿಗೇ ಕರೆಂಟ್ ಕೊಡ್ಬೇಕು ಅಂತು.

ಇಂಗಾಲದ ವಿಷ್ಯದಲ್ಲಿ ನಾನು ಜಾಸ್ತಿ ಹೊತ್ತು ಕಳೆಯಲ್ಲ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ 2014ರ ವರದೀಲಿ ಯೂನಿಟ್‌ಗೆ ಇಂಗಾಲದ ಡೈಆಕ್ಸೈಡ್ ಲೆಕ್ಕದಲ್ಲಿ ನಡುಮಟ್ಟದ ಅಂಕಿ ದೊಡ್ಡ ಸೋಲಾರ್ ಪ್ಲಾಂಟ್‌ಗೆ 48 ಗ್ರಾಂ, ನೆಲದ ಮೇಲಿನ ವಿಂಡ್‌ಗೆ 11, ಹೈಡ್ರೋಗೆ 24, ಕಲ್ಲಿದ್ದಲಿಗೆ 820. ನಮ್ ಒಂದು ಕೋಟಿ ಯೂನಿಟ್‌ಗೆ ಸೋಲಾರ್ 480 ಟನ್, ವಿಂಡ್ 110, ಕಲ್ಲಿದ್ದಲು 8,200. ಮೂರರೊಳಗೇ ಜಗಳ ಆಡೋಕೆ ಏನೂ ಇಲ್ಲ. ಸೋಲಾರ್‌ದು ಹೆಚ್ಚು ಬರೋದು ಸಿಲಿಕಾನ್ ಕಾಯಿಸೋ ಫ್ಯಾಕ್ಟರಿ ಕರೆಂಟಿಂದ, ಅದನ್ನ ಪ್ಯಾನಲ್‌ನ ಆಯಸ್ಸಿನ ಒಟ್ಟು ಯೂನಿಟ್‌ಗೆ ಭಾಗಿಸ್ತಾರೆ, ಹಂಗಾಗಿ ಅದೇ ಪ್ಯಾನಲ್ ಬಿಸಿಲು ಕಮ್ಮಿ ಇರೋ ಜರ್ಮನೀಲಿ ಹಾಕಿದ್ರೆ ಗ್ರಾಂ ಏರುತ್ತೆ, ಪಾವಗಡದಲ್ಲಿ ಇಳಿಯುತ್ತೆ. ಹೈಡ್ರೋ 24 ಅನ್ನೋದನ್ನ ಮಿನಿ ಹೈಡೆಲ್‌ಗೆ ಹಂಗೇ ಅಂಟಿಸ್ಬೇಡಿ, ಅದ್ರಲ್ಲಿ ದೊಡ್ಡ ಜಲಾಶಯದ ಮೀಥೇನೂ ಸೇರಿರುತ್ತೆ. ಹಂಗಂತ ಕಾಲುವೆಗೆ, ಲೈನಿಗೆ ಕಡಿದ ಕಾಡಿನ ಲೆಕ್ಕ ಆ ಪ್ಲಾಂಟಿಗೆ ಬೇರೆಯಾಗಿ ಕೇಳ್ಬೇಕು, ಎಷ್ಟೋ ವರದೀಲಿ ಅದಿರಲ್ಲ.

ಹಂಗಾಗಿ ಕೇಳಿದೋರಿಗೆ ನಾನು ಹೇಳೋದು ಮುಕ್ಕಾಲು ಪಾಲು ಸೋಲಾರ್, ಉಳಿದಿದ್ದು ಬಯಲು ಸೀಮೆಯ ಹೊಲದಲ್ಲಿರೋ ವಿಂಡ್. ಮಿನಿ ಹೈಡೆಲ್ ಬೇಕೇ ಬೇಕು ಅಂದ್ರೆ ನೀರಾವರಿ ನಾಲೆ ಡ್ರಾಪ್, ಅಂದ್ರೆ ನಾಲೆ ನೀರು ಮೆಟ್ಟಿಲಂಗೆ ಕೆಳಗೆ ಬೀಳೋ ಜಾಗದ ಮೇಲೆ ಕೂತಿರೋದು ನೋಡಿ, ಅಲ್ಲಿ ಯಾವ ಹೊಳೇನೂ ಹೊಸದಾಗಿ ಒಣಗಲ್ಲ. ಆದ್ರೆ ನಾಲೆಗೆ ನೀರು ಬಿಟ್ಟಾಗ ಮಾತ್ರ ಅದು ಓಡೋದು, ಆ ತಾರೀಖು ನೀರಾವರಿ ಸಲಹಾ ಸಮಿತಿ ಮೀಟಿಂಗ್ ಆಗೋ ತನಕ ನಮ್ಗೂ ಗೊತ್ತಾಗಲ್ಲ.