ಕಾಕಾನ ಬೈಠಕ್ ಮತ್ತು ಎರಡು ಸೆಕೆಂಡಿನ ಕೀಫ್ರೇಮ್

ಕೊನೆಗೂ ನಿನ್ನೆ ರಾತ್ರಿ ಸರಿಹೋಯಿತು! ಧಾರವಾಡದ ನಮ್ಮ ಮನೆಯಲ್ಲಿ ಗಣೇಶನ ಹಬ್ಬಕ್ಕೆ ನಡೆದ ಹಳೆಯ ಸಂಗೀತದ ಬೈಠಕ್‌ಗಳನ್ನು ಮನೆಮಂದಿಗೆಲ್ಲ ಸ್ಟ್ರೀಮ್ ಮಾಡುವ ಕೆಲಸ ಇದು. ಫೈಲ್ ತೆಗೆದದ್ದು, ಸದ್ದು ಸರಿಮಾಡಿದ್ದು ನಿಮಗೆ ಗೊತ್ತಿರುವ ಕೆಲಸವೇ, ಬಿಡಿ. ಹಾರ್ಡ್ ಡಿಸ್ಕ್ ಕೇಸ್‌ಗಾಗಿ ಹುಬ್ಬಳ್ಳಿಯ ಅಂಗಡಿಯವರು ಮೂರು ವಾರ "ನಾಳೆ ಬರ್ತದ್ರಿ" ಅಂದರು. ಆ ಸಿಟ್ಟು ಇನ್ನೂ ಇಳಿದಿಲ್ಲ. ಆದರೆ ನಿಜವಾಗಿ ಕಾಡಿದ್ದು ಕೀಫ್ರೇಮ್, ಅಂದರೆ ಇಡೀ ಚಿತ್ರವನ್ನು ತಾನೇ ಹೊತ್ತಿರುವ ಫ್ರೇಮ್. ಉಳಿದ ಫ್ರೇಮ್‌ಗಳಲ್ಲಿ ಇರುವುದು ಬದಲಾವಣೆ ಮಾತ್ರ.

ಮೊದಲ ಫೈಲ್ ಕಾಕಾನ ಫೋನಿಗೆ ಹೋಯಿತು. ಅವರು ದ್ರುತ್, ಅಂದರೆ ಹಾಡಿನ ವೇಗದ ಭಾಗ, ಶುರುವಾಗುವ ಜಾಗಕ್ಕೆ ಬೆರಳು ಎಳೆದರು. ಚಕ್ರ ಸುತ್ತಿತು, ಸುತ್ತಿತು, ಆಮೇಲೆ ಎಂಟು ಸೆಕೆಂಡ್ ಹಿಂದಿನಿಂದ ಹಾಡು ಶುರುವಾಯಿತು. "ಅಲ್ಲೋ ತಮ್ಮಾ, ನಾ ದ್ರುತ್ ಕೇಳ್ಬೇಕಂದ್ರ ಇದು ವಿಲಂಬಿತಕ್ಕ ಹೋಗ್ತದಲ್ಲೋ!"

ವಿಡಿಯೊ ಹಿಂಡುವ ಎನ್‌ಕೋಡರ್ x264 ಎರಡು ಕೀಫ್ರೇಮ್ ನಡುವೆ ತಾನಾಗಿ ಇಡುವ ಗರಿಷ್ಠ ಅಂತರ 250 ಫ್ರೇಮ್. ನಮ್ಮದು ಸೆಕೆಂಡಿಗೆ 25 ಫ್ರೇಮಿನ ವಿಡಿಯೊ, ಅಂದರೆ 10 ಸೆಕೆಂಡ್. ಸಿನಿಮಾದಲ್ಲಿ ದೃಶ್ಯ ಬದಲಾದಾಗಲೆಲ್ಲ ಹೆಚ್ಚಿನ ಕೀಫ್ರೇಮ್ ಬೀಳುವುದರಿಂದ ಇದು ಅಷ್ಟು ಗೊತ್ತಾಗುವುದಿಲ್ಲ. ಬೈಠಕ್‌ನಲ್ಲಿ ಕ್ಯಾಮೆರಾ ಸ್ಟ್ಯಾಂಡ್ ಮೇಲೆ ಕೂತಿದೆ, ಗಾಯಕರು ಜಮಖಾನೆ ಮೇಲೆ ಕೂತಿದ್ದಾರೆ. ದೃಶ್ಯ ಬದಲಾಗುವುದೇ ಇಲ್ಲ. ಒಂಬತ್ತನೇ ಸೆಕೆಂಡಿಗೆ ಹೋಗಬೇಕೆಂದರೆ ಪ್ಲೇಯರ್ ಹಿಂದಿನ ಕೀಫ್ರೇಮಿನಿಂದ 225 ಫ್ರೇಮ್ ಬಿಚ್ಚಿಕೊಂಡು ಬರಬೇಕು. ಇಲ್ಲವೇ ಆ ಕೀಫ್ರೇಮಿನಿಂದಲೇ ಆಡಿಸಬೇಕು. ಕಾಕಾನ ಪ್ಲೇಯರ್ ಎರಡನೆಯದನ್ನು ಮಾಡುತ್ತಿತ್ತು.

ಹಾಗಾದರೆ ಅರ್ಧ ಸೆಕೆಂಡಿಗೊಂದು ಇಡೋಣ ಅಂತ ಹೊರಟೆ. ಜಿಗಿತವೇನೋ ಚಕ್ಕನೆ ಆಯಿತು. ಆದರೆ ಗಾಯಕರ ಹಿಂದಿನ ಕತ್ತಲೆ ಗೋಡೆ ಅರ್ಧ ಸೆಕೆಂಡಿಗೊಮ್ಮೆ ಮಿಡಿಯತೊಡಗಿತು, ಮುಖ ಮಸುಕಾಯಿತು. ಲೆಕ್ಕ ಹಾಕಿದಾಗ ತಿಳಿಯಿತು. ಸೆಕೆಂಡಿಗೆ 1 ಮೆಗಾಬಿಟ್ ವೇಗದಲ್ಲಿ 10 ಸೆಕೆಂಡಿಗೆ ಸಿಗುವುದು 1,250 ಕಿಲೋಬೈಟ್. ನನ್ನ ಒಂದು ಒಳ್ಳೆಯ ಕೀಫ್ರೇಮ್ ಸುಮಾರು 60 ಕಿಲೋಬೈಟ್. ಇಪ್ಪತ್ತು ಕೀಫ್ರೇಮ್ ಇಟ್ಟರೆ 1,200 ಅಲ್ಲೇ ಮುಗಿಯಿತು. ಮಧ್ಯದ ಫ್ರೇಮ್‌ಗಳಿಗೆ ಏನೂ ಉಳಿಯದ್ದರಿಂದ ಎನ್‌ಕೋಡರ್ ಎಲ್ಲವನ್ನೂ ಹಿಂಡುತ್ತದೆ. ಎರಡು ಸೆಕೆಂಡಿಗೊಂದಾದರೆ ಐದೇ ಕೀಫ್ರೇಮ್, 300 ಕಿಲೋಬೈಟ್. ಹಿಂದೆ ಬಿಚ್ಚಬೇಕಾದದ್ದು ಹೆಚ್ಚೆಂದರೆ 49 ಫ್ರೇಮ್. ನನ್ನ ಮಟ್ಟಿಗೆ ಇದೇ ಸರಿಯಾದ ಜಾಗ.

ffmpegನಲ್ಲಿ 50 ಫ್ರೇಮಿಗೊಂದು ಕೀಫ್ರೇಮ್ ಎನ್ನುವ `-g 50` ಹಾಕಿ 720 ಮತ್ತು 360 ಸಾಲಿನ ಎರಡು ಪ್ರತಿ ಮಾಡಿದೆ, ಸ್ಟ್ರೀಮ್‌ಗಾಗಿ ಎರಡನ್ನೂ ನಾಲ್ಕು ಸೆಕೆಂಡಿನ ತುಂಡುಗಳಾಗಿ ಕತ್ತರಿಸಿದೆ. ಈಗ ಹೊಸ ಕಾಟ. ನೆಟ್ ನಿಧಾನವಾಗಿ ಪ್ಲೇಯರ್ 360ಕ್ಕೆ ಇಳಿಯುವಾಗ ಚಿತ್ರ ತಡವರಿಸಿ ತಾನದ ಚೂರು ಎರಡು ಸಲ ಕೇಳುತ್ತಿತ್ತು. ಅದೂ ಏಳು ನಿಮಿಷದ ನಂತರ ಮಾತ್ರ. ಎರಡು ರಾತ್ರಿ ಇದಕ್ಕೇ ಹೋದವು. ಆಮೇಲೆ ಎರಡೂ ಫೈಲಿನ ಕೀಫ್ರೇಮ್ ಸಮಯಗಳನ್ನು ತೆಗೆದು ನೋಡಿದೆ:

```
ffprobe -v error -select_streams v -skip_frame nokey \
 -show_entries frame=pts_time -of csv=p=0 baithak.mp4
```

360ರಲ್ಲಿ 432, 434, 436. ನೇರ. 720ರಲ್ಲಿ 432, 433.44, 435.44! ಆ ಜಾಗ ನೋಡಿದರೆ, ಕರೆಂಟು ಹೋಗಿದೆ. ಕತ್ತಲಲ್ಲೂ ತಾನ ನಿಂತಿಲ್ಲ, ಯಾರೋ ದೀಪ ತಂದು ಹಾರ್ಮೋನಿಯಮ್ ಪಕ್ಕ ಇಟ್ಟಿದ್ದಾರೆ. ಅದನ್ನು ನೋಡುತ್ತಾ ಸ್ವಲ್ಪ ಹೊತ್ತು ಕೆಲಸವನ್ನೇ ಮರೆತೆ. ದೊಡ್ಡ ಪ್ರತಿಯಲ್ಲಿ ಎನ್‌ಕೋಡರ್ ಆ ಕತ್ತಲೆಯನ್ನು ಹೊಸ ದೃಶ್ಯ ಎಂದುಕೊಂಡು ಕೀಫ್ರೇಮ್ ಇಟ್ಟು, ಎಣಿಕೆಯನ್ನು ಅಲ್ಲಿಂದ ಹೊಸದಾಗಿ ಶುರುಮಾಡಿದೆ. ಚಿಕ್ಕ ಪ್ರತಿಯಲ್ಲಿ ಹಾಗೆ ಅಂದುಕೊಂಡಿಲ್ಲ. ತುಂಡು ಕತ್ತರಿಸಲು ಕೀಫ್ರೇಮೇ ಬೇಕಲ್ವಾ, ಹಾಗಾಗಿ ಅಲ್ಲಿಂದ ಎರಡರ ತುಂಡುಗಳೂ ಬೇರೆ ಬೇರೆ ಕಡೆ ಒಡೆದಿವೆ. ಮದ್ದು ಇಷ್ಟೇ:

```
-g 50 -sc_threshold 0 -hls_time 4
```

ದೃಶ್ಯ ಬದಲಾವಣೆಯನ್ನು ಹುಡುಕುವುದೇ ಬೇಡ ಅಂದೆ. ಕರೆಂಟು ಹೋದ ಕ್ಷಣದಲ್ಲಿ ಚಿತ್ರ ಚೂರು ಕಲಸಿಕೊಳ್ಳುತ್ತದೆ, ಅದನ್ನು ಒಪ್ಪಿಕೊಂಡೆ. `-hls_time` ಹೇಳುವ ತುಂಡಿನ ಉದ್ದವೂ ಎರಡರ ಗುಣಕವೇ ಇರಲಿ. ಸುಮ್ನೆ 5 ಕೊಟ್ಟು ನೋಡಿದಾಗ ತುಂಡುಗಳು 6, 4, 6, 4 ಸೆಕೆಂಡ್ ಆದವು.

ಮುಂದೆ ಕಾಕಾನ ಕ್ಯಾಸೆಟ್‌ಗಳಿವೆ. ಡೆಕ್‌ನ ಬೆಲ್ಟ್ ಸಡಿಲಾಗಿ ಷಡ್ಜವೇ ಇಳಿದಿದೆ, ಹೊಸ ಬೆಲ್ಟ್ ಹುಡುಕಬೇಕು. ಅದಕ್ಕೂ ಮೊದಲು ತಂಗಿ ಫೋನಿನಲ್ಲಿ ಹಿಡಿದ ಹೋದ ವರ್ಷದ ಬೈಠಕ್. ಅದರ ಫ್ರೇಮ್ ವೇಗ ಒಂದೇ ಸಮ ಇಲ್ಲ, ಹಾಗಾಗಿ ಫ್ರೇಮ್ ಎಣಿಸಿದರೆ ಎರಡು ಸೆಕೆಂಡ್ ಸಿಗುವುದಿಲ್ಲ. ಅದಕ್ಕೆ ಸಮಯ ನೋಡಿಯೇ ಕೀಫ್ರೇಮ್ ಇಡಿಸುವ `-force_key_frames "expr:gte(t,n_forced*2)"` ಹಾಕಿ ಈಗಷ್ಟೇ ಓಡಲು ಬಿಟ್ಟಿದ್ದೇನೆ.