‘ಡಿಲೀಟ್ ಮಾಡಣ್ಣ, ಸರ್ವರ್‌ನಲ್ಲಿ ಇರ್ತದೆ’ ಅಂದವನು ನಾನೇ

ರಾಯಚೂರಿನ ಒಂದು ರೈಸ್ ಮಿಲ್‌ನಲ್ಲಿ ಕಂಪ್ಯೂಟರ್ ನೋಡಿಕೊಳ್ಳೋದು ನನ್ನ ಕೆಲಸ. ಕಂಪ್ಯೂಟರ್ ಅಂದರೆ ಟ್ಯಾಲಿ, ಇ-ವೇ ಬಿಲ್, ವೇಬ್ರಿಡ್ಜಿನ ಪ್ರಿಂಟರ್, ಕೊನೆಗೆ ಸಾಹುಕಾರ್ರ ಮೊಮ್ಮಗನ ಟ್ಯಾಬ್ ಕೂಡ. ಹಾಗಾಗಿ ಫೋನಿನ ವಿಷಯ ಬಂದರೂ ಎಲ್ಲರೂ ನನ್ನ ಮುಖ ನೋಡುತ್ತಾರೆ. ಆ ಮಂಗಳವಾರವೂ ನೋಡಿದರು. ನಾನು ಒಂದು ಸೆಕೆಂಡೂ ಯೋಚಿಸದೆ ಉತ್ತರ ಕೊಟ್ಟೆ, ಅದೇ ತಪ್ಪಾಯಿತು.

ನಮ್ಮ ಲೆಕ್ಕದ ಅಣ್ಣನಿಗೆ ಸೋಮವಾರ ಸಂಜೆ ಹೊಸ ನಂಬರಿನಿಂದ ವಾಟ್ಸಾಪ್ ಬಂದಿತ್ತು. ಡಿಪಿಯಲ್ಲಿ ಸಾಹುಕಾರ್ರ ಫೋಟೋ, ಅದೂ ಹೋದ ವರ್ಷದ ಜಾತ್ರೆಯದು. ‘ಇದು ನನ್ನ ಹೊಸ ನಂಬರ್, ಸೇವ್ ಮಾಡಿಕೋ.’ ಮರುದಿನ ಹನ್ನೊಂದು ಗಂಟೆಗೆ ‘ಮೀಟಿಂಗ್‌ನಲ್ಲಿ ಇದ್ದೀನಿ, ಫೋನ್ ಮಾಡಬೇಡ, ಈ ಅಕೌಂಟಿಗೆ 4,80,000 ಆರ್‌ಟಿಜಿಎಸ್ ಮಾಡು’ ಅಂತ. ಅಣ್ಣ 11:32ಕ್ಕೆ ಹಾಕಿಬಿಟ್ಟ. 11:50ಕ್ಕೆ ಸಾಹುಕಾರ್ರು ಗಂಜಿನಿಂದ ನಡೆದು ಬಂದು ಚಹಾ ಕೇಳಿದರು.

ಆ ಮೇಲಿನ ಹತ್ತು ನಿಮಿಷ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಣ್ಣನ ಕೈ ನಡುಗುತ್ತಿತ್ತು. ಆ ನಂಬರಿನಿಂದ ‘ಇನ್ನೊಂದು 2 ಲಕ್ಷ ಹಾಕು’ ಅಂತ ಮತ್ತೆ ಮೆಸೇಜು ಬಂತು. ನಾನು ಫೋನ್ ಕಸಿದುಕೊಂಡು ಬ್ಲಾಕ್ ಮಾಡಿದೆ. ಅದರಲ್ಲಿ ಏನಾದರೂ ಲಿಂಕ್ ಇದ್ದು ಯಾರಾದರೂ ಒತ್ತಿಬಿಟ್ಟರೆ ಅನ್ನೋ ಭಯ. ‘ಚಾಟ್ ಡಿಲೀಟ್ ಮಾಡಣ್ಣ, ಎಲ್ಲಾ ಕಂಪನಿ ಸರ್ವರ್‌ನಲ್ಲಿ ಇರ್ತದೆ, ಪೊಲೀಸರು ತಗೀತಾರೆ’ ಅಂದೆ. ಅಣ್ಣ ಡಿಲೀಟ್ ಮಾಡಿದ. ಆಫೀಸಿನ ಕಂಪ್ಯೂಟರಿನಲ್ಲಿ ತೆರೆದಿದ್ದ ವಾಟ್ಸಾಪ್‌ನಿಂದಲೂ ಆ ಚಾಟ್ ಹೋಯಿತು. ಆಮೇಲೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದೆವು. ಅಷ್ಟು ಮಾತ್ರ ಸರಿಯಾಗಿ ಮಾಡಿದ್ದು.

ಸಂಜೆ ಸೈಬರ್ ಠಾಣೆಯಲ್ಲಿ ಹೆಡ್ ಕಾನ್ಸ್‌ಟೇಬಲ್ ಕೇಳಿದ ಮೊದಲ ಮಾತು ‘ಚಾಟ್ ತೋರಿಸ್ರಿ’. ಸರ್ವರ್ ಅಂತ ಶುರು ಮಾಡಿದೆ. ಅವರು ನಗಲಿಲ್ಲ. ‘ಪ್ರತಿ ಚಾಟಿನ ಮೇಲೆ ಬೀಗದ ಗುರುತು ಹಾಕಿ ಬರ್ದಿರ್ತಾರಲ್ರಿ, ಓದಿಲ್ಲೇನು?’

ಓದಿದ್ದೆ. ಮೆಸೇಜು ‘ಎಂಡ್-ಟು-ಎಂಡ್ ಎನ್‌ಕ್ರಿಪ್ಟೆಡ್’ ಅಂತ ಸಾವಿರ ಸಲ ಓದಿದ್ದೆ. ಅದರ ಅರ್ಥ ಅವತ್ತು ತಲೆಗೆ ಹೋಯಿತು. ಕಳಿಸುವವನ ಫೋನಿನಲ್ಲೇ ಮೆಸೇಜಿಗೆ ಬೀಗ ಬೀಳುತ್ತದೆ, ತೆಗೆಯುವ ಕೀ ಪಡೆಯುವವನ ಫೋನಿನಲ್ಲಿ, ಅದಕ್ಕೆ ಜೋಡಿಸಿದ ಕಂಪ್ಯೂಟರಿನಲ್ಲಿ ಮಾತ್ರ ಇರುತ್ತದೆ. ನಡುವೆ ಇರುವ ಕಂಪನಿ ಹೊತ್ತು ಸಾಗಿಸುತ್ತದೆ ಅಷ್ಟೆ. ಮೆಸೇಜು ತಲುಪಿದ ಮೇಲೆ ಸರ್ವರ್‌ನಲ್ಲಿ ಇಟ್ಟುಕೊಳ್ಳೋದಿಲ್ಲ. ತಲುಪದಿದ್ದರೆ 30 ದಿನದವರೆಗೆ ಇರುತ್ತದೆ, ಅದೂ ಬೀಗ ಹಾಕಿದ ಹಾಗೇ. ಅಂದರೆ ಆ ಕಳ್ಳನ ಮಾತು ಇದ್ದದ್ದು ಎರಡೇ ಕಡೆ: ಅವನ ಹತ್ತಿರ, ಅಣ್ಣನ ಫೋನು-ಕಂಪ್ಯೂಟರಿನಲ್ಲಿ. ಅಣ್ಣನದನ್ನು ನಾನೇ ಅಳಿಸಿ ಹಾಕಿಸಿದ್ದೆ.

ಹಾಗಾದರೆ ಕಂಪನಿಗೆ ಏನೂ ಗೊತ್ತಿರಲ್ವಾ ಅಂದರೆ, ಹಾಗೂ ಅಲ್ಲ. ನಮ್ಮ ಗೇಟಿನ ವಾಚ್‌ಮನ್ ರಿಜಿಸ್ಟರ್ ನೆನಪಾಯಿತು ನನಗೆ. ಲಾರಿ ನಂಬರು, ಬಂದ ಹೊತ್ತು, ಹೋದ ಹೊತ್ತು, ಎಲ್ಲಿಂದ ಬಂತು, ಎಲ್ಲಾ ಬರೆದಿರುತ್ತಾನೆ. ತಾಡಪತ್ರಿ ಕೆಳಗೆ ಸೋನಾ ಮಸೂರಿ ಇದೆಯೋ ನುಚ್ಚು ಇದೆಯೋ ಅವನಿಗೆ ಗೊತ್ತಿಲ್ಲ. ಕಂಪನಿ ಹತ್ತಿರವೂ ಅಂಥದೇ ರಿಜಿಸ್ಟರ್ ಇದೆ. ಆ ಖಾತೆ ಯಾವತ್ತು ಶುರುವಾಯಿತು, ಕೊನೆಗೆ ಯಾವಾಗ ಆನ್‌ಲೈನ್ ಇತ್ತು, ಯಾವ ಐಪಿ ಅಡ್ರೆಸ್‌ನಿಂದ, ಯಾವ ಥರದ ಫೋನಿನಿಂದ, ಡಿಪಿ ಏನು, ಯಾವ ಗ್ರೂಪುಗಳಲ್ಲಿ ಇದೆ, ಕಾಂಟ್ಯಾಕ್ಟ್ ಲಿಸ್ಟಿನಲ್ಲಿ ಯಾರ ನಂಬರುಗಳಿವೆ. ಕಾನೂನು ಪ್ರಕಾರ ಕೇಳಿದರೆ ಇಂಥವು ಸಿಗುತ್ತವೆ. ಸೋಮವಾರವೇ ಹುಟ್ಟಿದ ಖಾತೆ, ಅದರ ಮೇಲೆ ಸಾಹುಕಾರ್ರ ಫೋಟೋ, ಅಂದರೆ ಪೊಲೀಸರಿಗೆ ಮಾತು ಓದದೆಯೂ ಅರ್ಧ ಕಥೆ ಗೊತ್ತಾಗುತ್ತದೆ. ಪುಣ್ಯಕ್ಕೆ ಆ ನಂಬರು ಬ್ಲಾಕ್ ಲಿಸ್ಟಿನಲ್ಲಿ ಉಳಿದಿತ್ತು.

ಈ ರಿಜಿಸ್ಟರ್ ಎಷ್ಟು ದಪ್ಪ ಅನ್ನೋದು ಎನ್‌ಕ್ರಿಪ್ಶನ್‌ಗೆ ಸೇರಿದ್ದಲ್ಲ, ಕಂಪನಿ ಏನು ಬರೆದಿಡುತ್ತದೆ ಅನ್ನೋದರ ಮೇಲೆ ನಿಂತಿದೆ. 2016ರಲ್ಲಿ ಅಮೆರಿಕದ ತನಿಖೆಯೊಂದು ಸಿಗ್ನಲ್ ಆ್ಯಪಿನವರನ್ನು ಮಾಹಿತಿ ಕೇಳಿದಾಗ ಅವರ ಬಳಿ ಇದ್ದದ್ದು ಎರಡೇ ದಿನಾಂಕ: ಖಾತೆ ತೆರೆದದ್ದು, ಕೊನೆಗೆ ಸಂಪರ್ಕಕ್ಕೆ ಬಂದದ್ದು. ಎರಡು ಆ್ಯಪಿಗೂ ಬೀಗ ಒಂದೇ ಥರದ್ದು, ವಾಟ್ಸಾಪ್ ಬಳಸೋದೂ ಸಿಗ್ನಲ್‌ನವರ ಪ್ರೋಟೋಕಾಲನ್ನೇ. ರಿಜಿಸ್ಟರ್ ಮಾತ್ರ ಬೇರೆ.

ನನ್ನ ಹೊಟ್ಟೆ ಉರಿಸಿದ್ದು ಇನ್ನೊಂದು ವಿಷಯ. ಬ್ಲಾಕ್ ಮಾಡುವಾಗ ಪಕ್ಕದಲ್ಲೇ ‘ರಿಪೋರ್ಟ್’ ಇರುತ್ತದೆ ನೋಡಿ. ಅದನ್ನು ಒತ್ತಿದ್ದರೆ ಆ ನಂಬರಿನಿಂದ ಬಂದ ಕೊನೆಯ ಐದು ಮೆಸೇಜು ನಮ್ಮ ಫೋನಿನಿಂದಲೇ ಕಂಪನಿಗೆ ಹೋಗುತ್ತಿದ್ದವು. ಬೀಗ ಒಡೆಯುವುದಲ್ಲ ಅದು, ತೆಗೆದದ್ದನ್ನು ನಾವೇ ಕೈಯಾರೆ ಕೊಡುವುದು. ನಾನು ಅದನ್ನು ಸುಮ್ನೆ ಬಿಟ್ಟೆ. ಸ್ಕ್ರೀನ್‌ಶಾಟ್ ಅಂತೂ ನೆನಪೇ ಆಗಲಿಲ್ಲ.

ರಾತ್ರಿ ಒಂಬತ್ತಕ್ಕೆ ವಾಪಸ್ ಆಫೀಸಿಗೆ ಬಂದು ಚಾಟ್ ಬ್ಯಾಕಪ್ ತೆಗೆದು ನೋಡಿದೆ. ಕೊನೆಯ ಬ್ಯಾಕಪ್ ಮಂಗಳವಾರ ನಸುಕಿನ 2:04. ಡಿಲೀಟ್ ಆಗೋದಕ್ಕೆ ಮುಂಚಿನದು! ಆದರೆ ಇನ್ನು ಐದು ಗಂಟೆಯಲ್ಲಿ ಹೊಸ ಬ್ಯಾಕಪ್ ಬಂದು ಗೂಗಲ್ ಡ್ರೈವ್‌ನಲ್ಲಿ ಇದರ ಮೇಲೆ ಕೂರುತ್ತದೆ. ಮೊದಲು ಫೋನಿನ ಈ ಫೋಲ್ಡರನ್ನು ಲ್ಯಾಪ್‌ಟಾಪಿಗೆ ಕಾಪಿ ಮಾಡಿಕೊಂಡೆ:

```
Android/media/com.whatsapp/WhatsApp/Databases
```

ಆಮೇಲೆ ವಾಟ್ಸಾಪನ್ನೇ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿದೆ. ಒಟಿಪಿ ಬಂತು, ರಿಸ್ಟೋರ್ ಒತ್ತಿದೆ. 38 ಪರ್ಸೆಂಟಿಗೆ ಬಂದು ನಿಂತಿತು. ಅಣ್ಣ ಅಂಬಾದೇವಿಗೆ ಹರಕೆ ಹೊತ್ತ. ನಾನು ರೂಟರ್ ಹತ್ತಿರ ಫೋನ್ ಹಿಡಿದುಕೊಂಡು ನಿಂತೆ.

ಸಿಕ್ಕಿತು. ಅರ್ಧ ಸಿಕ್ಕಿತು. ಸೋಮವಾರ ಸಂಜೆಯ ಮೂರು ಮೆಸೇಜು ಬಂದವು. ದುಡ್ಡು ಕೇಳಿದ ಮಂಗಳವಾರದ ಮಾತುಗಳು ಬ್ಯಾಕಪ್ ಆದ ಮೇಲಿನವು, ಅವು ಹೋದವು. ಅವುಗಳ ಜೊತೆ ಅವತ್ತಿನ ಎಲ್ಲರ ಚಾಟೂ ಹೋಯಿತು, ಆರು ಲೋಡಿನ ಬಿಲ್ಟಿ ಫೋಟೋ ಸಮೇತ. ಮರುದಿನ ಡ್ರೈವರ್‌ಗಳಿಗೆಲ್ಲ ಫೋನ್ ಮಾಡಿ ಮತ್ತೆ ಕಳಿಸಿಕೊಳ್ಳುವ ಕೆಲಸ ಯಾರಿಗೆ ಬಿತ್ತು ಅಂತ ಹೇಳಬೇಕಾಗಿಲ್ಲ ಅಲ್ವಾ.

ಪಕ್ಕದಲ್ಲಿ ಕೂತಿದ್ದ ಸಾಹುಕಾರ್ರು ಮೆಲ್ಲಗೆ ಕೇಳಿದರು, ‘ಅಲ್ಲಪಾ, ಬೀಗ ಬೀಗ ಅಂದಿ, ಇದು ಪಾಸ್‌ವರ್ಡನಾ ಕೇಳ್ಲಿಲ್ಲಲ್ಲ?’

ಹತ್ತನೇ ಕ್ಲಾಸ್ ಓದಿದ ಮನುಷ್ಯ ಹಿಡಿದದ್ದು ನನಗೆ ಹೊಳೆದಿರಲಿಲ್ಲ. ಮೆಸೇಜಿಗೆ ಇರುವ ಬೀಗ ಡ್ರೈವ್‌ನ ಬ್ಯಾಕಪ್ಪಿಗೆ ತಾನಾಗಿ ಬರುವುದಿಲ್ಲ. ಗೂಗಲ್ ಖಾತೆ ಮತ್ತು ಆ ನಂಬರಿನ ಒಟಿಪಿ ಇದ್ದರೆ ತೆರೆದುಕೊಳ್ಳುತ್ತದೆ. 2021ರಿಂದ ಅದಕ್ಕೂ ಬೀಗ ಹಾಕಿಕೊಳ್ಳಬಹುದು, ಆದರೆ ನಾವೇ ಆನ್ ಮಾಡಬೇಕು. ಅವತ್ತು ನಮ್ಮನ್ನು ಉಳಿಸಿದ್ದು ಆ ಬೀಗ ಹಾಕದೇ ಇದ್ದ ಕಿಟಕಿ. ನಾವು ಬೀಗ ಹಾಕಿ ಪಾಸ್‌ವರ್ಡ್ ಮರೆತಿದ್ದರೆ ಆ ಮೂರು ಮೆಸೇಜೂ ಸಿಗುತ್ತಿರಲಿಲ್ಲ.

ದುಡ್ಡಿನಲ್ಲಿ 1,90,000 ಬ್ಯಾಂಕಿನಲ್ಲಿ ತಡೆದಿದ್ದಾರೆ, ಉಳಿದದ್ದು ಕೇಸಿನಲ್ಲಿದೆ. ‘ಎಲ್ಲರ ಬ್ಯಾಕಪ್ಪಿಗೂ ಬೀಗ ಹಾಕು’ ಅಂತ ಮ್ಯಾನೇಜರ್ ಆರ್ಡರ್ ಮಾಡಿದ್ದಾರೆ. ಎಸ್‌ಎಂಎಸ್ ತೆಗೆಯೋಕೂ ನನ್ನನ್ನು ಕರೆಯುವ ಹನ್ನೊಂದು ಜನರಿಗೆ 64 ಅಂಕಿ-ಅಕ್ಷರದ ಕೀ ಕೊಟ್ಟು ಬಂದಿದ್ದೇನೆ. ಪೇಪರಿನಲ್ಲಿ ಬರೆದು ಗಲ್ಲಾಪೆಟ್ಟಿಗೆಯಲ್ಲಿ ಇಡಿ ಅಂತ ಹೇಳಿದ್ದೆ. ನಿನ್ನೆ ನೋಡಿದರೆ ಲೆಕ್ಕದ ಅಣ್ಣ ಅದರ ಫೋಟೋ ತೆಗೆದು ತನ್ನ ನಂಬರಿಗೆ ತಾನೇ ವಾಟ್ಸಾಪ್ ಮಾಡಿಕೊಂಡಿದ್ದಾನೆ.