ಹೊಳೆ ದಾಟದೆ ಹೊಳೆಯ ಅಗಲ

ಸಕಲೇಶಪುರದ ಬಳಿ ಹೇಮಾವತಿಯ ಅಗಲವನ್ನು ಈಚೆ ದಡದಿಂದಲೇ ಅಳೆಯಲು ಈ ಬಾರಿ ಎರಡನೆಯ ಸಲ ಪ್ರಯತ್ನಿಸಿದೆ. ಆಚೆ ದಡದ ನೀರಂಚಿನಲ್ಲಿದ್ದ ಹೊಳೆಮತ್ತಿ ಮರವನ್ನು ಗುರುತಾಗಿಟ್ಟುಕೊಂಡು, ಈಚೆ ದಡಕ್ಕೆ ಸಮಾಂತರವಾಗಿ ಎರಡು ಗೂಟ ನೆಟ್ಟು, ಅವುಗಳ ನಡುವೆ ಟೇಪು ಬಿಗಿದು 60 ಮೀಟರಿನ ಆಧಾರರೇಖೆಯನ್ನು ಅಳೆದೆ. ಹಲಗೆಗೆ ಅಂಟಿಸಿದ ಕೋನಮಾಪಕ ಮತ್ತು ಎರಡು ಗುಂಡುಸೂಜಿಗಳೇ ನನ್ನ ಉಪಕರಣ. ಒಂದು ಗೂಟದಿಂದ ನೋಡಿದಾಗ ಆಧಾರರೇಖೆಗೂ ಮರಕ್ಕೂ ನಡುವಿನ ಕೋನ 72 ಡಿಗ್ರಿ, ಇನ್ನೊಂದರಿಂದ 64 ಡಿಗ್ರಿ ಬಂತು.

ಆಧಾರರೇಖೆಯ ಉದ್ದವನ್ನು ಎರಡೂ ಕೋನಗಳ ಕೋಟ್ಯಾಂಜೆಂಟ್‌ಗಳ ಮೊತ್ತದಿಂದ ಭಾಗಿಸಿದರೆ ಮರಕ್ಕಿರುವ ಲಂಬದೂರ ಸಿಗುತ್ತದೆ:

60 ÷ (0.325 + 0.488) ≈ 73.8

ಗೂಟಗಳು ನೀರಿನಿಂದ 3 ಮೀಟರ್ ಹಿಂದಿದ್ದವು. ಅದನ್ನು ಕಳೆದರೆ ಹೊಳೆಯ ಅಗಲ ಸುಮಾರು 71 ಮೀಟರ್.

ಮೊದಲ ಸಲ ಸೋಮಾರಿತನದಿಂದ 20 ಮೀಟರಿನ ಆಧಾರರೇಖೆಯನ್ನಷ್ಟೇ ಹಿಡಿದಿದ್ದೆ. ಆಗ ಎರಡೂ ಕೋನಗಳು 82 ಡಿಗ್ರಿಯ ಆಸುಪಾಸಿನಲ್ಲಿದ್ದು, ದೃಷ್ಟಿರೇಖೆಗಳು ಮರದ ಬಳಿ ತೀರ ಕಿರಿದಾಗಿ ಕೂಡುತ್ತಿದ್ದುದರಿಂದ, ಒಂದೇ ಕೋನದಲ್ಲಿ ಒಂದು ಡಿಗ್ರಿ ತಪ್ಪಿದರೂ ಉತ್ತರ ಸುಮಾರು 5 ಮೀಟರ್ ಸರಿಯುತ್ತಿತ್ತು. ಪ್ರತಿ ಸಲ ನೋಡಿದಾಗಲೂ ಬೇರೆ ಬೇರೆ ಅಗಲ ಬಂದಾಗಲೇ ನನಗೆ ಅನುಮಾನ ಹುಟ್ಟಿದ್ದು. 60 ಮೀಟರಿಗೆ ಅದೇ ತಪ್ಪು 2 ಮೀಟರಿಗೆ ಇಳಿಯಿತು. ನಾನು ದೂರಿದ್ದು ಕೋನಮಾಪಕವನ್ನು. ಸಾಲದೆ ಬಂದದ್ದು ಮಾತ್ರ ನಾನು ದಡದ ಮೇಲೆ ನಡೆದ ದೂರ.